ವಿದೇಶಿ ಮಾರಾಟಗಾರರೆದುರು ಮೊದಲ ಪರಿಚಯ

ಶಿರಸಿಯ ನಮ್ಮ ಕಾಳುಮೆಣಸಿನ ಘಟಕಕ್ಕೆ ವಿಯೆಟ್ನಾಮಿನಿಂದ ಯಂತ್ರ ತರಿಸಬೇಕಿದೆ. ಮೊದಲ ಮಾತುಕತೆಯಲ್ಲಿ ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಗೆ ಹೇಳಲಿ?

ಹೆಸರು, ಕೆಲಸ, ಬೇಕಾದ ವಸ್ತು, ಬೆಲೆ ಒಪ್ಪುವ ಅಧಿಕಾರ ಯಾರದು ಎಂಬುದನ್ನು ಒಂದೊಂದು ಚಿಕ್ಕ ವಾಕ್ಯದಲ್ಲಿ, ನಡುನಡುವೆ ನಿಲ್ಲಿಸಿ ಹೇಳಿ. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯಾದ್ದರಿಂದ, ‘ಹೆಗಡೆ’ ಎಂಬುದು ಹೆಸರೋ ಇನ್ನೊಂದು ಇಂಗ್ಲಿಷ್ ಪದವೋ ಎಂದು ಅವರು ಯೋಚಿಸುವಷ್ಟರಲ್ಲಿ ನಿಮ್ಮ ಮುಂದಿನ ಮಾತು ತಪ್ಪಿಹೋಗಿರುತ್ತದೆ.

‘ಮೈ ನೇಮ್ ಈಸ್ ಹೆಗಡೆ.’ ಇಲ್ಲಿ ಕ್ಷಣಕಾಲ ತಡೆಯಿರಿ. ‘ಐ ಬೈ ಮಷೀನ್ಸ್ ಫಾರ್ ಎ ಪೆಪ್ಪರ್ ಫ್ಯಾಕ್ಟರಿ ಇನ್ ಇಂಡಿಯಾ. ವಿ ನೀಡ್ ಒನ್ ಗ್ರೇಡಿಂಗ್ ಮಷೀನ್. ಮೈ ಪಾರ್ಟ್ನರ್ ಅಂಡ್ ಐ ಡಿಸೈಡ್ ದ ಪ್ರೈಸ್ ಟುಗೆದರ್.’ ಈ ಕೊನೆಯ ವಾಕ್ಯವನ್ನು ನಾಚಿಕೆಯಿಂದ ನುಂಗಿಕೊಂಡರೆ, ಅಂತಿಮ ಬೆಲೆಯನ್ನು ಅಲ್ಲಿಯೇ ಹೇಳುವಂತೆ ನಿಮ್ಮನ್ನು ಒತ್ತಾಯಿಸಬಹುದು.

‘ಫಿಫ್ಟೀನ್’, ‘ಫಿಫ್ಟಿ’ ಒಂದೇ ರೀತಿ ಕೇಳಿಸುವುದರಿಂದ ‘ಒನ್ ಫೈವ್’ ಎಂದು ಬಿಡಿಸಿ ಹೇಳಿ. ಅವರು ತಲೆಯಾಡಿಸಿದರೆ ಸಾಲದು, ಸಂಖ್ಯೆಯನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ.