ಪಿಎಫ್‌ನಲ್ಲಿರುವ ನಲವತ್ತು ಸಾವಿರ ತೆಗೆಯಲೇ?

ಪ್ರಶ್ನೆ: ನನಗೆ 24. ಕೆಲಸ ಬದಲಿಸುತ್ತಿದ್ದೇನೆ. ಪಿಎಫ್‌ನಲ್ಲಿ ಬರೀ 40 ಸಾವಿರ ಇದೆ. ಈಗ ತೆಗೆದುಕೊಂಡು, ಸಂಬಳ ಜಾಸ್ತಿ ಆದ ಮೇಲೆ ದೊಡ್ಡ ಮೊತ್ತ ಉಳಿಸಿದರೆ ಆಗಲ್ವಾ?

ಉತ್ತರ: ‘ಬರೀ’ ಅನ್ನೋ ಪದವೇ ನನ್ನನ್ನೂ ಕೆಡಿಸಿದ್ದು.

2010ರ ಮಾರ್ಚ್‌ನಲ್ಲಿ ಮೊದಲ ಕೆಲಸ ಬಿಟ್ಟೆ. ಆರು ವರ್ಷದ ಪಿಎಫ್ 60 ಸಾವಿರ ಇತ್ತು. ಲೆಕ್ಕದ ವಿಭಾಗದವರು ಎರಡು ಅರ್ಜಿ ಮುಂದಿಟ್ಟು, ‘ದುಡ್ಡು ಬೇಕಾ, ಹೊಸ ಕಡೆಗೆ ವರ್ಗ ಮಾಡಬೇಕಾ?’ ಅಂದರು. ಫಾರಂ 13 ವರ್ಗಾವಣೆಗೆ, ಫಾರಂ 19 ಹಣ ವಾಪಸ್ಸಿಗೆ. ಎರಡು ತಿಂಗಳು ಕೆಲಸವಿಲ್ಲದೆ ಕಳೆದ ಮೇಲೆ ಫಾರಂ 19ಕ್ಕೆ ಸಹಿ ಹಾಕಿದೆ. ಬೈಕ್ ಬಂತು. ಮುಂದಿನ ಕಂಪನಿಯಲ್ಲಿ ಪಿಎಫ್ ಸೊನ್ನೆಯಿಂದ ಶುರುವಾಯಿತು.

ಕಳೆದ ವರ್ಷ ಕೂತು ಲೆಕ್ಕ ಹಾಕಿದೆ. ಆಯಾ ವರ್ಷ ಘೋಷಣೆಯಾದ ಬಡ್ಡಿಯನ್ನೇ ಹಾಕಿದೆ. 2010-11ರಲ್ಲಿ ಶೇ 9.5, 2024-25ರಲ್ಲಿ ಶೇ 8.25. ಹೊಸ ಖಾತೆಗೆ ವರ್ಗ ಮಾಡಿ, ಅದರ ಮೇಲೆ ಒಂದು ರೂಪಾಯಿಯನ್ನೂ ಸೇರಿಸದೆ ಬಿಟ್ಟಿದ್ದರೂ ಆ 60 ಸಾವಿರ 15 ವರ್ಷಕ್ಕೆ 2 ಲಕ್ಷ 5 ಸಾವಿರ ಆಗಿರುತ್ತಿತ್ತು. ಮೊದಲ ವರ್ಷದ ಬಡ್ಡಿ 5,700. ಹದಿನೈದನೇ ವರ್ಷ ಒಂದರಲ್ಲೇ 15,600. ಅಸಲು ಅದೇ, ಬಡ್ಡಿಗೆ ಬಡ್ಡಿ ಸೇರಿ ಹೀಗಾಯಿತು.

ಅವತ್ತು ನಾನು ನೋಡಿದ್ದು ಕೈಗೆ ಬರುವ 60 ಸಾವಿರ ಮಾತ್ರ. ಶೇ 8ರ ಆಸುಪಾಸಿನ ಬಡ್ಡಿಗೆ ದುಡ್ಡು ಸುಮಾರು ಒಂಬತ್ತು ವರ್ಷಕ್ಕೆ ದುಪ್ಪಟ್ಟು. ಬೇಗ ತೆಗೆದರೆ ಹೋಗುವುದು ಮೊದಲ ದುಪ್ಪಟ್ಟಲ್ಲ, ಕೊನೆಯದು. ಅದೇ ಎಲ್ಲಕ್ಕಿಂತ ದೊಡ್ಡದು.

ನಿಮ್ಮದನ್ನೇ ತೆಗೆದುಕೊಳ್ಳಿ. 24ಕ್ಕೆ 40 ಸಾವಿರ. 33ಕ್ಕೆ 80 ಸಾವಿರ, 42ಕ್ಕೆ 1.6 ಲಕ್ಷ, 51ಕ್ಕೆ 3.2 ಲಕ್ಷ, 60ಕ್ಕೆ 6.4 ಲಕ್ಷ. ಅರ್ಧ ಮೊತ್ತ ಬರುವುದು ಕೊನೆಯ ಒಂಬತ್ತು ವರ್ಷದಲ್ಲಿ! ಈಗ ತೆಗೆದು, 42ಕ್ಕೆ ಉಳಿತಾಯ ಶುರು ಮಾಡಿ ಅದೇ 6.4 ಲಕ್ಷ ಮುಟ್ಟಬೇಕು ಅಂದರೆ ವರ್ಷಕ್ಕೆ ಸುಮಾರು 15,800ರಂತೆ 18 ವರ್ಷ ಕಟ್ಟಬೇಕು. ಜೇಬಿನಿಂದ 2.85 ಲಕ್ಷ ಹೋಗುತ್ತೆ. ‘ಆಮೇಲೆ ದೊಡ್ಡ ಮೊತ್ತ’ ಅನ್ನೋ ಲೆಕ್ಕವೇ ತಪ್ಪು. ದೊಡ್ಡ ಸಂಬಳದ ಜೊತೆ ಮಕ್ಕಳ ಫೀಸು, ಮನೆ ಸಾಲವೂ ಬರುತ್ತೆ ಅಲ್ವಾ?

ಬಡ್ಡಿ ಹೀಗೇ ಇರುತ್ತೆ ಅಂತಿಲ್ಲ, ಪ್ರತಿ ವರ್ಷ ಹೊಸದಾಗಿ ಘೋಷಿಸುತ್ತಾರೆ. ಶೇ 7ಕ್ಕೆ ಇಳಿದರೆ 60ಕ್ಕೆ ನಾಲ್ಕೂವರೆ ಲಕ್ಷ. ಬೆಲೆ ಏರಿಕೆಯೂ ಒಂದಿಷ್ಟು ತಿನ್ನುತ್ತೆ. ಆದರೆ ತಡವಾಗಿ ಕಟ್ಟಿದ ದುಡ್ಡಿಗೂ ಅದೇ ಬಡ್ಡಿ, ಅದೇ ಬೆಲೆ ಏರಿಕೆ. ಕ್ರೆಡಿಟ್ ಕಾರ್ಡ್ ಸಾಲ ಕತ್ತಿಗೆ ಬಂದಿದ್ದರೆ ಮಾತ್ರ ಮಾತು ಬೇರೆ.

ವಾಪಸ್ ಅರ್ಜಿ ಹಾಕಬೇಡಿ, ವರ್ಗಾವಣೆಗೆ ಹಾಕಿ. ಹೊಸ ಕಂಪನಿಗೆ ಹಳೆಯ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆಯನ್ನೇ ಕೊಡಿ. ಕೆಲವು ವಾರ ಬಿಟ್ಟು ಪಾಸ್‌ಬುಕ್ ತೆಗೆದು, ಹಳೆಯ ಖಾತೆಯ 40 ಸಾವಿರ ಹೊಸದರಲ್ಲಿ ಕಾಣುತ್ತಾ ಅಂತ ನೋಡಿ. ಕಾಣದಿದ್ದರೆ ಬೆನ್ನು ಬಿಡಬೇಡಿ.