ಎಸಿಎಯಿಂದ ಎಫ್‌ಸಿಎ: ಐದು ವರ್ಷದ ಲೆಕ್ಕ ಎಲ್ಲಿ ತಪ್ಪುತ್ತದೆ, ಎಫ್‌ಸಿಎ ಎಲ್ಲಿ ಕೆಲಸಕ್ಕೆ ಬರುತ್ತದೆ

ಪ್ರಶ್ನೆ: 2019ರ ಜೂನ್‌ನಲ್ಲಿ ಮೆಂಬರ್ ಆದೆ, ಸೆಪ್ಟೆಂಬರ್‌ನಲ್ಲಿ ಪ್ರಾಕ್ಟೀಸ್ ಸರ್ಟಿಫಿಕೇಟ್ ತಗೊಂಡೆ. 2022ರಲ್ಲಿ ಫೀ ಕಟ್ಟೋದು ಮರೆತು ಅಕ್ಟೋಬರ್‌ನಲ್ಲಿ ಹೆಸರು ತೆಗೆದಿದ್ರು, ಆಮೇಲೆ ಸರಿ ಮಾಡಿಸಿಕೊಂಡೆ. ನಮ್ಮದು ಮೂರು ಪಾರ್ಟ್ನರ್‌ಗಳ ಫರ್ಮ್, ಒಬ್ಬರು ಮಾತ್ರ ಎಫ್‌ಸಿಎ. ನಾನು ಈಗ ಎಫ್‌ಸಿಎಗೆ ಹಾಕಬಹುದಾ? ಹಾಕಿದ್ರೆ ನಿಜವಾಗಿ ಪ್ರಯೋಜನ ಇದೆಯಾ, ಇಲ್ಲಾ ಜಾಸ್ತಿ ಫೀ ಅಷ್ಟೇನಾ?

ಉತ್ತರ: ನೀವು "ಆಮೇಲೆ" ಅಂದಿದ್ದೀರಲ್ಲ, ಆ ದಿನ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಮೊದಲು ಆ ತಾರೀಕು ಹುಡುಕಿ.

ನಮ್ಮಲ್ಲಿ ಫೆಲೋ, ಅಂದರೆ ಎಫ್‌ಸಿಎ, ಆಗಲು ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ 5ನೇ ಸೆಕ್ಷನ್ ಎರಡು ದಾರಿ ಕೊಡುತ್ತದೆ. ಭಾರತದಲ್ಲಿ ಐದು ವರ್ಷ ಸತತವಾಗಿ ಪ್ರಾಕ್ಟೀಸ್ ಮಾಡಿರಬೇಕು. ಇಲ್ಲವೇ ಐದು ವರ್ಷ ಸತತವಾಗಿ ಅಸೋಸಿಯೇಟ್, ಅಂದರೆ ಎಸಿಎ, ಆಗಿದ್ದು, ಅಷ್ಟು ವರ್ಷದ ಪ್ರಾಕ್ಟೀಸ್‌ಗೆ ಸಮವೆಂದು ನಮ್ಮ ಇನ್‌ಸ್ಟಿಟ್ಯೂಟ್ ಐಸಿಎಐನ ಕೌನ್ಸಿಲ್ ಒಪ್ಪುವ ಅನುಭವ ಇರಬೇಕು. ಎರಡನೆಯದು ಹೆಚ್ಚಾಗಿ ಕೆಲಸದಲ್ಲಿರುವವರ ದಾರಿ. ನಿಮ್ಮದು ಮೊದಲನೆಯದು.

ಎರಡರಲ್ಲೂ ಇರುವ "ಸತತ" ಎಂಬ ಪದದಲ್ಲೇ ಜನ ಎಡವುವುದು. ಒಟ್ಟು ಐದು ವರ್ಷ ಕೂಡಿಸಿದರೆ ಸಾಲದು, ನಡುವೆ ಕಡಿಯದೆ ಐದು ವರ್ಷ ಆಗಬೇಕು. ಪ್ರಾಕ್ಟೀಸ್ ದಾರಿಯಲ್ಲಿ ಎಣಿಕೆ ಶುರುವಾಗುವುದು ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಸಿಕ್ಕ ದಿನದಿಂದ. ಫೈನಲ್ ಪಾಸಾದ ದಿನವೂ ಅಲ್ಲ, ಮೆಂಬರ್‌ಶಿಪ್ ನಂಬರ್ ಬಂದ ದಿನವೂ ಅಲ್ಲ. ಹಾಗಾಗಿ ನಿಮ್ಮ ಲೆಕ್ಕ 2019ರ ಜೂನ್‌ನಿಂದ ಅಲ್ಲ, ಸೆಪ್ಟೆಂಬರ್‌ನಿಂದ. ಆ ಅವಧಿಯಲ್ಲಿ ಎಷ್ಟು ಆಡಿಟ್ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ, ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತೇ ಎಂಬುದಷ್ಟೇ ಮುಖ್ಯ.

ಈಗ ಹೆಸರು ತೆಗೆದ ವಿಷಯ. ಫೀ ಬಾಕಿಯಿಂದ ಹೆಸರು ಹೋದರೆ ಜೊತೆಗೆ ಪ್ರಾಕ್ಟೀಸ್ ಸರ್ಟಿಫಿಕೇಟೂ ಹೋಗುತ್ತದೆ. ಹೆಸರು ಮರಳಿ ಸೇರಿಸಲು ಫಾರ್ಮ್ 9, ಸರ್ಟಿಫಿಕೇಟ್‌ಗೆ ಮತ್ತೆ ಫಾರ್ಮ್ 6. ಹೆಸರು ತೆಗೆದ ಅದೇ ಆರ್ಥಿಕ ವರ್ಷದೊಳಗೆ ಅರ್ಜಿಯೂ ಹಣವೂ ತಲುಪಿದ್ದರೆ, ತೆಗೆದ ದಿನದಿಂದಲೇ ಅನ್ವಯವಾಗುವಂತೆ ಹೆಸರು ಮರಳುತ್ತದೆ, ಕಡಿತವೇ ಇರಲಿಲ್ಲ ಎಂಬಂತೆ. ಮಾರ್ಚ್ 31 ದಾಟಿದ್ದರೆ ಮಾತ್ರ ಅರ್ಜಿ ತಲುಪಿದ ದಿನದಿಂದ ಮುಂದಕ್ಕಷ್ಟೇ ಜೀವ.

ನಿಮ್ಮ ತಾರೀಕುಗಳನ್ನೇ ಇಟ್ಟು ನೋಡೋಣ. 2023ರ ಫೆಬ್ರವರಿಯಲ್ಲಿ ಎರಡೂ ಫಾರ್ಮ್ ಹಾಕಿ ಬಾಕಿ ಕಟ್ಟಿದ್ದರೆ, 2019ರ ಸೆಪ್ಟೆಂಬರ್‌ನಿಂದ ಎಳೆ ಕಡಿದಿಲ್ಲ, 2024ರ ಸೆಪ್ಟೆಂಬರ್‌ಗೇ ನಿಮಗೆ ಅರ್ಹತೆ ಬಂದಾಯಿತು. 2023ರ ಮೇನಲ್ಲಿ ಹಾಕಿದ್ದರೆ ಅಕ್ಟೋಬರ್‌ನಿಂದ ಮೇವರೆಗೆ ಏಳು ತಿಂಗಳ ಖಾಲಿ ಬಿತ್ತು, ಎಣಿಕೆ ಮೇನಿಂದ ಹೊಸದಾಗಿ ಶುರು, ಐದು ವರ್ಷ ತುಂಬುವುದು 2028ರ ಮೇನಲ್ಲಿ. ಮೂರು ತಿಂಗಳ ತಡಕ್ಕೆ ಸುಮಾರು ಮೂರೂಮುಕ್ಕಾಲು ವರ್ಷ ಹೋಗುತ್ತದೆ. ಮೆಂಬರ್‌ಶಿಪ್ಪೇ ಕಡಿದಿರುವುದರಿಂದ ಎರಡನೆಯ ದಾರಿಯೂ ಇಲ್ಲಿ ಕೈಹಿಡಿಯುವುದಿಲ್ಲ. ಇನ್ನೊಂದು ಗಮನಿಸಿ: ಹೆಸರು ಸಕಾಲಕ್ಕೆ ಮರಳಿಸಿಕೊಂಡು ಫಾರ್ಮ್ 6 ಮರೆತವರೂ ಇದ್ದಾರೆ. ಅವರ ಮೆಂಬರ್‌ಶಿಪ್ ಸತತ, ಪ್ರಾಕ್ಟೀಸ್ ಸತತವಲ್ಲ. ಆದ್ದರಿಂದ ಎರಡೂ ಆದೇಶಗಳಲ್ಲಿ "ಯಾವ ದಿನದಿಂದ" ಎಂದು ಬರೆದಿರುವ ಸಾಲನ್ನು ಬೇರೆಬೇರೆಯಾಗಿ ಓದಿ. ಹಣ ಕಟ್ಟಿದ ರಸೀದಿಯ ತಾರೀಕು ನೋಡಿ ಸಮಾಧಾನಪಡಬೇಡಿ.

ಅರ್ಜಿ ಹಾಕುವುದು ಸುಲಭ. eservices.icai.org ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಫಾರ್ಮ್ 3 ತುಂಬಿ ಫೀ ಕಟ್ಟಬೇಕು. ಪ್ರಾಕ್ಟೀಸ್ ದಾಖಲೆ ಇನ್‌ಸ್ಟಿಟ್ಯೂಟ್ ಬಳಿಯೇ ಇರುವುದರಿಂದ ನಿಮ್ಮಂಥವರಿಗೆ ಕಾಗದಪತ್ರ ಕಡಿಮೆ. ಕೆಲಸದಲ್ಲಿರುವವರಿಗೆ ಕಂಪನಿಯ ಪತ್ರ ಬೇಕು. ಅದರಲ್ಲಿ ಹುದ್ದೆ, ಸೇರಿದ ದಿನ, ಮಾಡುತ್ತಿರುವ ಕೆಲಸ ಬಿಡಿಸಿ ಬರೆದಿರಬೇಕು. "ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ" ಎಂಬ ಒಂದು ಸಾಲಿನ ಪತ್ರದಿಂದ ಅನುಭವ ಸಮಾನವೆಂದು ತೋರಿಸಲಾಗದು. ಫೆಲೋ ಆದಮೇಲೆ ವಾರ್ಷಿಕ ಮೆಂಬರ್‌ಶಿಪ್ ಫೀಯೂ ಪ್ರಾಕ್ಟೀಸ್ ಫೀಯೂ ಎಸಿಎಗಿಂತ ಜಾಸ್ತಿ, ಮೇಲೆ ಜಿಎಸ್‌ಟಿ. ಇದು ಒಂದು ಸಲದ ಖರ್ಚಲ್ಲ, ಪ್ರತಿ ಏಪ್ರಿಲ್‌ಗೂ ಬರುವುದು.

ಇಷ್ಟು ಕೊಟ್ಟು ಏನು ಸಿಗುತ್ತದೆ? ಸಹಿ ಮಾಡುವ ಅಧಿಕಾರ ಒಂದಿಷ್ಟೂ ಬದಲಾಗುವುದಿಲ್ಲ. ಕಂಪನಿ ಆಡಿಟ್, ಟ್ಯಾಕ್ಸ್ ಆಡಿಟ್, ಸರ್ಟಿಫಿಕೇಟ್, ಎಲ್ಲವನ್ನೂ ಎಸಿಎ ಕೂಡ ಮಾಡಬಹುದು, ಟ್ಯಾಕ್ಸ್ ಆಡಿಟ್ ಮಿತಿಯೂ ಒಂದೇ. ಮೆಂಬರ್‌ಶಿಪ್ ನಂಬರ್ ಅದೇ ಇರುತ್ತದೆ. ಇನ್‌ಸ್ಟಿಟ್ಯೂಟ್ ಚುನಾವಣೆಯಲ್ಲಿ ಮತ ಇಬ್ಬರಿಗೂ ಇದೆ, ಕೇಂದ್ರ ಕೌನ್ಸಿಲ್‌ಗೆ ನಿಲ್ಲಲು ಮಾತ್ರ ಫೆಲೋ ಆಗಿರಬೇಕು. ಕೆಲಸದಲ್ಲಿರುವವರಿಗೆ ಎಫ್‌ಸಿಎ ಎಂಬ ಮೂರಕ್ಷರದಿಂದ ಸಂಬಳ ಏರುತ್ತದೆ ಎಂದು ನಾನು ಹೇಳಲಾರೆ, ಅಲ್ಲಿ ಎಣಿಕೆಗೆ ಬರುವುದು ಅನುಭವ.

ನಿಮ್ಮ ಫರ್ಮ್‌ನ ವಿಷಯ ಬೇರೆ. ಬ್ಯಾಂಕ್ ಆಡಿಟ್‌ನಲ್ಲಿ ಎಫ್‌ಸಿಎಗಳನ್ನು ತಲೆ ಎಣಿಸುತ್ತಾರೆ. ಬ್ಯಾಂಕ್, ಅರ್ಬನ್ ಕೋ-ಆಪರೇಟಿವ್ ಬ್ಯಾಂಕ್, ಎನ್‌ಬಿಎಫ್‌ಸಿಗಳ ಶಾಸನಬದ್ಧ ಆಡಿಟರ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಏಪ್ರಿಲ್ 27ರಂದು ಹೊರಡಿಸಿದ ಮಾರ್ಗಸೂಚಿ ನೋಡಿ. ಸಂಸ್ಥೆಯ ಆಸ್ತಿ 1,000 ಕೋಟಿ ರೂಪಾಯಿವರೆಗಿದ್ದರೆ ಫರ್ಮ್‌ನಲ್ಲಿ ಕನಿಷ್ಠ ಇಬ್ಬರು ಪೂರ್ಣಾವಧಿ ಪಾರ್ಟ್ನರ್ ಇರಬೇಕು, ಅವರಲ್ಲಿ ಒಬ್ಬರು ಎಫ್‌ಸಿಎ. 1,000 ಕೋಟಿ ದಾಟಿ 15,000 ಕೋಟಿವರೆಗೆ ಮೂವರು, ಅವರಲ್ಲಿ ಇಬ್ಬರು ಎಫ್‌ಸಿಎ. ಅದಕ್ಕೂ ಮೇಲೆ ಐವರಲ್ಲಿ ನಾಲ್ವರು.

ನಿಮ್ಮದು ಮೂವರಲ್ಲಿ ಒಬ್ಬರು. ಅಂದರೆ ಈಗ ಮೊದಲ ಮಟ್ಟಕ್ಕೆ ಮಾತ್ರ ಸಲ್ಲುತ್ತೀರಿ. 1,200 ಕೋಟಿಯ ಅರ್ಬನ್ ಬ್ಯಾಂಕೊಂದು ಆಡಿಟರ್ ಹುಡುಕುತ್ತಿದ್ದರೆ ನಿಮ್ಮ ಫರ್ಮ್ ಈ ಅಂಕಣದಲ್ಲೇ ಬಿದ್ದುಹೋಗುತ್ತದೆ. ನೀವು ಎಫ್‌ಸಿಎ ಆದರೆ ಆ ಅಂಕಣ ತುಂಬುತ್ತದೆ. ಎಫ್‌ಸಿಎ ಪಾರ್ಟ್ನರ್ ಫರ್ಮ್ ಜೊತೆ ಕನಿಷ್ಠ ಮೂರು ವರ್ಷ ಇದ್ದಿರಬೇಕು ಎಂಬ ಷರತ್ತೂ ಇದೆ, ಹಾಗಾಗಿ ಹೊರಗಿನಿಂದ ಒಬ್ಬ ಎಫ್‌ಸಿಎಯನ್ನು ಕರೆತಂದು ನಾಳೆಯೇ ಅರ್ಜಿ ಹಾಕಲು ಬರುವುದಿಲ್ಲ. ಒಳಗಿರುವ ಎಸಿಎ ಮೇಲೇರುವುದೇ ಹತ್ತಿರದ ದಾರಿ.

ಆದರೆ ಇಷ್ಟರಿಂದಲೇ ಕೆಲಸ ಬರುತ್ತದೆ ಅಂದುಕೊಳ್ಳಬೇಡಿ. ಅದೇ ಎರಡನೇ ಮಟ್ಟದಲ್ಲಿ ಮಾಹಿತಿ ವ್ಯವಸ್ಥೆಗಳ ಆಡಿಟ್‌ಗೆ ಸಂಬಂಧಿಸಿದ ಸಿಸಾ ಅಥವಾ ಐಎಸ್‌ಎ ಅರ್ಹತೆಯ ಒಬ್ಬ ಪಾರ್ಟ್ನರ್ ಇಲ್ಲವೇ ಸಂಬಳದ ಸಿಎ, ಫರ್ಮ್‌ಗೆ ಎಂಟು ವರ್ಷದ ಆಡಿಟ್ ಅನುಭವ, ಹನ್ನೆರಡು ಜನ ವೃತ್ತಿಪರ ಸಿಬ್ಬಂದಿ ಕೇಳುತ್ತಾರೆ. ಚಿಕ್ಕ ಊರಿನ ಫರ್ಮ್‌ಗೆ ಎಫ್‌ಸಿಎಗಿಂತ ಆ ಹನ್ನೆರಡು ಜನರೇ ಕಷ್ಟ. ಪೂರ್ಣಾವಧಿ ಎಂಬುದಕ್ಕೂ ಅವರದೇ ಅರ್ಥ ಇದೆ: ಬೇರೆ ಫರ್ಮ್‌ನಲ್ಲಿ ಪಾರ್ಟ್ನರ್ ಆಗಿರಬಾರದು, ಬೇರೆಲ್ಲೂ ಕೆಲಸದಲ್ಲಿರಬಾರದು, ಸ್ವಂತ ಹೆಸರಲ್ಲಿ ಪ್ರಾಕ್ಟೀಸ್ ಮಾಡುತ್ತಿರಬಾರದು. ನೀವು ಪಾರ್ಟ್ನರ್ ಆಗಿದ್ದೂ ಹಳೆಯ ಪ್ರೊಪ್ರೈಟರಿ ಫರ್ಮ್ ಮುಚ್ಚದೆ ಬಿಟ್ಟಿದ್ದರೆ, ಎಫ್‌ಸಿಎ ಆದರೂ ನಿಮ್ಮ ತಲೆ ಎಣಿಕೆಗೆ ಸಿಗುವುದಿಲ್ಲ.

ಆದ್ದರಿಂದ ಎಳೆ ಕಡಿದಿಲ್ಲದಿದ್ದರೆ, ಮತ್ತು ಆ ಗಾತ್ರದ ಬ್ಯಾಂಕ್ ಕೆಲಸದ ಮೇಲೆ ಫರ್ಮ್‌ಗೆ ಕಣ್ಣಿದ್ದರೆ, ತಡಮಾಡದೆ ಫಾರ್ಮ್ 3 ಹಾಕಿ. ಆ ಉದ್ದೇಶ ಇಲ್ಲದಿದ್ದರೆ ಅವಸರವೇನೂ ಇಲ್ಲ, ಐದು ವರ್ಷ ತುಂಬಿದ ಮೇಲೆ ಯಾವಾಗ ಬೇಕಾದರೂ ಹಾಕಬಹುದು. ಮಂಜೂರಾತಿ ಬರುವವರೆಗೆ ಲೆಟರ್‌ಹೆಡ್‌ನಲ್ಲಾಗಲಿ ಆಡಿಟ್ ವರದಿಯಲ್ಲಾಗಲಿ ಎಫ್‌ಸಿಎ ಎಂದು ಬರೆಯಬೇಡಿ. ಬಂದಮೇಲೆ ಪೋರ್ಟಲ್‌ನಿಂದ ಫರ್ಮ್ ಕಾರ್ಡ್ ಹೊಸದಾಗಿ ಇಳಿಸಿಕೊಂಡು, ನಿಮ್ಮ ಹೆಸರಿನ ಮುಂದೆ ಎಫ್‌ಸಿಎ ಎಂದು ಬಂದಿದೆಯೇ, ಫರ್ಮ್ ಸೇರಿದ ದಿನ ಸರಿಯಾಗಿದೆಯೇ ನೋಡಿ. ತಪ್ಪಿದ್ದರೆ ಬ್ಯಾಂಕಿನ ಅರ್ಜಿಗೆ ಮೊದಲೇ ತಿದ್ದಿಸಿಕೊಳ್ಳಿ.