ಮಳೆಗಾಲದಲ್ಲಿ ತುಪ್ಪ ನೊರೆ ಬರುವುದು, ಹುಳಿ ವಾಸನೆ ಹಿಡಿಯುವುದು

ಪ್ರಶ್ನೆ: ಮಡಿಕೇರಿಯಲ್ಲಿದ್ದೇವೆ. ಮನೆ ಬೆಣ್ಣೆ ಒಂದು ಕೆಜಿ ಕಾಯಿಸಿ ಜಾಡಿಗೆ ಹಾಕಿದ್ದೆ. ಈಗ ಒಗ್ಗರಣೆಗೆ ಇಟ್ಟರೆ ಚಟಪಟ ಅಂತ ನೊರೆ ಉಕ್ಕುತ್ತೆ, ಜಾಡಿಯ ತಳದಲ್ಲಿ ಹುಳಿ ವಾಸನೆ ಬೇರೆ. ಮೈಸೂರಲ್ಲಿರೋ ಅಕ್ಕನ ತುಪ್ಪಕ್ಕೆ ಹೀಗಾಗಲ್ಲ. ನಮ್ಮದಕ್ಕೆ ಯಾಕೆ?

ನಿಮ್ಮ ತುಪ್ಪದಲ್ಲಿ ನೀರು ಉಳಿದಿದೆ. ಬೆಣ್ಣೆಯದ್ದೇ ಪೂರ್ತಿ ಹೋಗದೆ ಉಳಿದಿರಬಹುದು, ಇಲ್ಲವೇ ಜಾಡಿಯಿಂದ ಸೇರಿರಬಹುದು. ಈ ಮಳೆಯಲ್ಲಿ ಎರಡೂ ಆಗಿದ್ದರೆ ಆಶ್ಚರ್ಯವಿಲ್ಲ. ಮೊದಲು ಒಣ ಬಾಣಲೆಗೆ ತುಪ್ಪವೊಂದನ್ನೇ ಹಾಕಿ ಬಿಸಿ ಮಾಡಿ ನೋಡಿ. ಕರಿಬೇವು, ಈರುಳ್ಳಿ ಬಿದ್ದ ಮೇಲೆ ಏಳುವ ನೊರೆ ಆ ಸೊಪ್ಪು ತರಕಾರಿಗಳ ನೀರಿನದ್ದು, ಅದಕ್ಕೆ ತುಪ್ಪವನ್ನು ದೂರಬೇಕಿಲ್ಲ. ಬರೀ ತುಪ್ಪವೇ ಸಿಡಿದು ನೊರೆ ಎದ್ದರೆ ನೀರಿರುವುದು ಖಾತ್ರಿ. ಹತ್ತಿಯ ಬತ್ತಿಯನ್ನು ಒಲೆಯ ಬಳಿ ಚೆನ್ನಾಗಿ ಒಣಗಿಸಿ, ಜಾಡಿಯ ತಳದ ತುಪ್ಪದಲ್ಲಿ ಅದ್ದಿ ಹಚ್ಚಿದರೂ ತಿಳಿಯುತ್ತದೆ: ನೀರಿದ್ದರೆ ದೀಪ ಚಟಗುಟ್ಟುತ್ತದೆ.

ಒಂದು ಕೆಜಿ ಬೆಣ್ಣೆಯ ಲೆಕ್ಕ ನೋಡೋಣ. ಪ್ಯಾಕೆಟ್ ಬೆಣ್ಣೆಯಲ್ಲೇ ಸುಮಾರು ಶೇ 16ರಷ್ಟು ನೀರು ಇರುತ್ತದೆ. ಕಡೆದು ತೆಗೆದ ಮನೆ ಬೆಣ್ಣೆಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಂದರೆ ನೀವು ಒಲೆಯ ಮೇಲೆ ಇಟ್ಟ ಪಾತ್ರೆಯಲ್ಲಿ ಹೆಚ್ಚುಕಡಿಮೆ ಒಂದು ಲೋಟ ನೀರಿತ್ತು. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ತುಪ್ಪದಲ್ಲಿ ನೀರು ಶೇ 0.5 ದಾಟಬಾರದು. ನಿಮಗೆ ಸಿಕ್ಕಿದ ಮುಕ್ಕಾಲು ಕೆಜಿ ತುಪ್ಪಕ್ಕೆ ಅದು ನಾಲ್ಕು ಗ್ರಾಂ ಕೂಡ ಅಲ್ಲ, ಒಂದು ಟೀ ಚಮಚಕ್ಕಿಂತ ಕಡಿಮೆ. ಒರೆಸದ ಜಾಡಿಯ ಒಳಗೋಡೆಯಲ್ಲಿ ಅಷ್ಟು ನೀರು ಸುಲಭವಾಗಿ ನಿಂತಿರುತ್ತದೆ.

ನೀರು ತುಪ್ಪಕ್ಕಿಂತ ಭಾರ. ತುಪ್ಪ ಕರಗಿರುವಾಗ ಹನಿಗಳು ತಳಕ್ಕೆ ಇಳಿಯುತ್ತವೆ, ಸೋಸುವಾಗ ತಪ್ಪಿಸಿಕೊಂಡ ಗಸಿಯೂ ಅಲ್ಲೇ ಕೂರುತ್ತದೆ. ನಮ್ಮ ಚಳಿಗೆ ತುಪ್ಪ ಬೇಗ ಹೆಪ್ಪುಗಟ್ಟುವುದರಿಂದ ಎರಡೂ ಒಟ್ಟಿಗೆ ಒಳಗೇ ಸಿಕ್ಕಿಬೀಳುತ್ತವೆ. ಮತ್ತೆ ಬಿಸಿ ಮಾಡಿದಾಗ ಆ ಹನಿ ಒಮ್ಮೆಲೇ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಅದೇ ಸಿಡಿತ. ಗಸಿಯಲ್ಲಿರುವ ಹಾಲಿನ ಪ್ರೋಟೀನು ಆವಿಯ ಗುಳ್ಳೆಗಳಿಗೆ ಪೊರೆಯಂತೆ ಸುತ್ತಿಕೊಂಡು ಅವು ಒಡೆಯದಂತೆ ಹಿಡಿದಿಡುತ್ತದೆ, ಅದೇ ನೊರೆ.

ಕೆಡುವುದೂ ಆ ತಳದಿಂದಲೇ. ಬರೀ ಕೊಬ್ಬಿನಲ್ಲಿ ಬೂಷ್ಟು ಬೆಳೆಯಲಾರದು, ಅದಕ್ಕೆ ನೀರು ಬೇಕೇ ಬೇಕು. ತಳದ ಹನಿಯಲ್ಲಿ ನೀರಿನ ಜೊತೆಗೆ ಹಾಲಿನ ಸಕ್ಕರೆ, ಪ್ರೋಟೀನು ಎಲ್ಲ ಸಿದ್ಧವಾಗಿರುತ್ತವೆ. ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಬಿಡುವ ಲೈಪೇಸ್ ಎಂಬ ಕಿಣ್ವ, ನೀರನ್ನೇ ಬಳಸಿಕೊಂಡು ಕೊಬ್ಬನ್ನು ಒಡೆಯುತ್ತದೆ. ಆಗ ಬಿಡುಗಡೆಯಾಗುವ ಬ್ಯುಟಿರಿಕ್ ಆಮ್ಲದ ವಾಸನೆಯೇ ನಿಮ್ಮ ಮೂಗಿಗೆ ಬಡಿದದ್ದು. ಗಾಳಿ ಬೆಳಕಿಗೆ ತುಪ್ಪ ಹಳಸುವುದು ಬೇರೆ ಬಗೆ: ಅದು ಹಳೆ ಎಣ್ಣೆಯ ಕಮಟು, ಹುಳಿಯಲ್ಲ.

ಈಗ ಕಾಯಿಸುವ ವಿಚಾರ. ಬೆಣ್ಣೆಯನ್ನು ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು, ಮಜ್ಜಿಗೆಯ ಬಿಳುಪು ಹೋದ ಮೇಲೆ ಚೆನ್ನಾಗಿ ಅದುಮಿ ನೀರು ಹಿಂಡಿ ತೆಗೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮೇಲೆ ಮುಚ್ಚಳವನ್ನೂ ಇಡಬೇಡಿ. ಕರಗಿದ ಮೇಲೆ ದೊಡ್ಡ ದೊಡ್ಡ ಗುಳ್ಳೆ, ಕೊತಕೊತ ಸದ್ದು, ಬಿಳಿ ನೊರೆ. ನೀರು ಇರುವಷ್ಟು ಹೊತ್ತು ಪಾತ್ರೆಯ ಬಿಸಿ ನೀರಿನ ಕುದಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ನೀರು ಬೇಗ ಹೋಗುತ್ತದೆಯೇ ಹೊರತು ಅದು ಮುಗಿಯುವ ತನಕ ಬಿಸಿ ಹೆಚ್ಚು ಏರುವುದಿಲ್ಲ. ಮುಗಿಯುತ್ತಾ ಬಂದಾಗ ಮಾತ್ರ ಸರ್ರನೆ ಏರುತ್ತದೆ, ಆಗಲೇ ಗಸಿ ಸೀಯುವುದು. ಹಾಗಾಗಿ ಸದ್ದು ತಗ್ಗಿದ ತಕ್ಷಣ ಉರಿ ಸಣ್ಣ ಮಾಡಿ. ಸೌದೆ ಒಲೆಯಾದರೆ ಕೊಳ್ಳಿ ಹೊರಗೆ ಎಳೆದು ಬರೀ ಕೆಂಡದ ಮೇಲೆ ಬಿಡಿ.

ಬಹಳ ಮಂದಿ ನಿಲ್ಲಿಸುವುದು ಇಲ್ಲೇ. ಮೊದಲ ನೊರೆ ಇಳಿದು ಮೇಲ್ಭಾಗ ತಿಳಿಯಾಗಿ ಕಾಣುತ್ತದೆ, ಆಯಿತು ಅಂದುಕೊಂಡು ಇಳಿಸುತ್ತಾರೆ. ಆದರೆ ಗಸಿ ಆಗಿನ್ನೂ ಬಿಳಿಯಾಗಿ, ಮೆತ್ತಗೆ ಇರುತ್ತದೆ, ಅದರೊಳಗೆ ನೀರಿದೆ. ಇನ್ನೂ ಸ್ವಲ್ಪ ಬಿಟ್ಟರೆ ಎರಡನೇ ನೊರೆ ಬರುತ್ತದೆ: ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಸದ್ದೇ ಇಲ್ಲ, ಘಮ ಮಾತ್ರ ಬದಲಾಗುತ್ತದೆ. ಸೌಟಿನಲ್ಲಿ ಗಸಿ ಎತ್ತಿ ನೋಡಿದರೆ ಮರಳಿನಂತೆ ಬಿಡಿಬಿಡಿಯಾಗಿ, ತಿಳಿ ಕಂದು ಬಣ್ಣದಲ್ಲಿರಬೇಕು. ಥರ್ಮಾಮೀಟರ್ ಇದ್ದರೆ 110ರಿಂದ 115 ಡಿಗ್ರಿ. ಅನುಮಾನವಿದ್ದರೆ ತಣ್ಣಗಿನ ಒಣ ಸ್ಟೀಲ್ ತಟ್ಟೆಯನ್ನು ಪಾತ್ರೆಯ ಮೇಲೆ ಕೆಲವು ಸೆಕೆಂಡು ಹಿಡಿಯಿರಿ. ತಟ್ಟೆ ಮಂಜಾದರೆ ನೀರು ಇನ್ನೂ ಇದೆ. ವೀಳ್ಯದೆಲೆಯೋ ನುಗ್ಗೆಸೊಪ್ಪೋ ಹಾಕುವವರು ಈ ಪರೀಕ್ಷೆಗೆ ಮುಂಚೆಯೇ ಹಾಕಿ, ಎಲೆ ಮುರಿದರೆ ಪಟ್ಟೆನ್ನುವಷ್ಟು ಗರಿಯಾಗುವ ತನಕ ಬಿಡಬೇಕು. ಕೊನೆಗೆ ನೀರು ಚಿಮುಕಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಮುಖಕ್ಕೆ ಸಿಡಿಯುತ್ತದೆ, ಹೊರಹಾಕಿದ್ದನ್ನೇ ವಾಪಸ್ ಸೇರಿಸಿದಂತೆಯೂ ಆಗುತ್ತದೆ.

ಪಾತ್ರೆಯ ವಿಷಯದಲ್ಲಿ ಮೈಸೂರಿನ ಅಕ್ಕನಿಗೆ ಬಿಸಿಲಿದೆ, ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಿಲ್ಲ. ಒರೆಸುವ ಬಟ್ಟೆಯೇ ಹಸಿ. ಆದ್ದರಿಂದ ಒರೆಸಿದ್ದನ್ನು ಒಣಗಿದ್ದೆಂದು ಲೆಕ್ಕ ಹಾಕಬೇಡಿ. ಸ್ಟೀಲ್ ಡಬ್ಬಿ, ಸೌಟು, ಸ್ಟೀಲ್ ಸೋಸುವ ಜಾಲರಿ ಎಲ್ಲವನ್ನೂ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಡಬ್ಬಿಯ ಬಾಯಿಯ ಮಡಿಚಿದ ಅಂಚು ಮೋಸದ ಜಾಗ: ಒಳಗೆಲ್ಲ ಒಣಗಿದ ಮೇಲೂ ಆ ಮಡಿಕೆಯಿಂದ ಹನಿ ಜಿನುಗುತ್ತದೆ. ಅಂಚನ್ನು ಕೆಳಗೆ ಮಾಡಿ ಬಿಸಿ ತೋರಿಸಿ, ಜಿನುಗುವುದು ನಿಲ್ಲುವ ತನಕ ಕಾಯಿರಿ. ಗಾಜನ್ನು ಉರಿಗೆ ಹಿಡಿಯಬೇಡಿ, ಒಡೆಯುತ್ತದೆ. ಗಾಜಿನ ಜಾಡಿ, ಪಿಂಗಾಣಿ ಭರಣಿಗಳನ್ನು ಹಿಂದಿನ ದಿನವೇ ತೊಳೆದು ರಾತ್ರಿಯಿಡೀ ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿ ಬೋರಲು ಬಿಡದೆ ಓರೆಯಾಗಿ ಇಡಿ. ಬೋರಲು ಹಾಕಿದರೆ ಒಳಗಿನ ಆವಿ ಅಲ್ಲೇ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಸುತ್ತನ್ನು ಬಿಚ್ಚಿ ಬೇರೆಯಾಗಿ ಒಣಗಿಸಿ.

ಸೋಸಿದ ತುಪ್ಪ ಬಿಸಿಯಿದ್ದಾಗಲೇ ಜಾಡಿಗೆ ಮುಚ್ಚಳ ಬಿಗಿಯಬೇಡಿ. ಒಣ ತೆಳು ಬಟ್ಟೆ ಕಟ್ಟಿ ಆರಲು ಬಿಡಿ, ಕೈಗೆ ಉಗುರು ಬೆಚ್ಚಗಾದ ಕೂಡಲೇ ಮುಚ್ಚಿ. ಬಾಯಿ ತೆರೆದು ರಾತ್ರಿಯೆಲ್ಲ ಬಿಟ್ಟರೆ ನಮ್ಮ ಥಂಡಿ ಗಾಳಿಯೇ ಒಳಗೆ ಹನಿಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆದರೂ ಇದೇ ಕಥೆ.

ಈಗಿರುವ ಜಾಡಿಯ ಮಟ್ಟಿಗೆ ಹೇಳುವುದಾದರೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ತುಪ್ಪ ಕರಗಿಸಿ, ಅಲುಗಿಸದೆ ಒಂದು ಗಂಟೆ ಬಿಡಿ. ಮೇಲಿನ ತಿಳಿಯನ್ನು ಒಣ ಸೌಟಿನಿಂದ ಬೇರೆ ಪಾತ್ರೆಗೆ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಇಲ್ಲದಿದ್ದರೆ ಸಣ್ಣ ಉರಿಯಲ್ಲಿ ತಟ್ಟೆಯ ಪರೀಕ್ಷೆ ದಾಟುವ ತನಕ ಮತ್ತೆ ಕಾಯಿಸಿ, ಹೊಸದಾಗಿ ಒಣಗಿಸಿದ ಡಬ್ಬಿಗೆ ಹಾಕಿ. ಒಂದು ವೇಳೆ ಉಕ್ಕಿ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ತಳದಲ್ಲಿ ಉಳಿದ ಹುಳಿ ಭಾಗವನ್ನು ಚೆಲ್ಲಿಬಿಡಿ. ಎಷ್ಟು ಕಾಯಿಸಿದರೂ ನೀರು ಹೋಗುತ್ತದೆ, ಆಗಲೇ ಒಡೆದ ಕೊಬ್ಬು ಸರಿಹೋಗುವುದಿಲ್ಲ. ಮೇಲ್ಭಾಗದಲ್ಲೂ ಹುಳಿ ಹತ್ತಿದ್ದರೆ ಅಥವಾ ಎಲ್ಲಾದರೂ ಬೂಷ್ಟಿನ ಚುಕ್ಕೆ ಕಂಡರೆ ಇಡೀ ಜಾಡಿಯನ್ನೇ ಬಿಡಬೇಕು.